ಬಾಕಲಾ ಬುಟ್ಟಿ

ವಸಂತದ ಎರಡನೆಯ ತಿಂಗಳು ಬಂದರೆ ನನ್ನ ಹೆಬ್ಬೆರಳ ಉಗುರು ಕಪ್ಪಾಗುತ್ತದೆ. ಬಾಕಲಾ ಸುಲಿದವರ ಉಗುರೆಲ್ಲ ಹಾಗೆಯೇ. ಅವರೆಕಾಯಿಗೆ ಅಣ್ಣನಂತೆ ದಪ್ಪಗೆ, ಒಳಗೆ ಹತ್ತಿ ಹಾಸಿದಂತೆ ಮೆತ್ತಗಿರುವ ಆ ಹಸಿರು ಕಾಯಿಯನ್ನು ನಾನು ಮೂವತ್ತು ವರ್ಷದಿಂದ ಕುಚೆಸ್ಫಹಾನಿನ ಸಂತೆಯಲ್ಲಿ ಕೂತು ಮಾರುತ್ತಿದ್ದೇನೆ. ಗಂಡ ಸತ್ತ ಮೇಲೆ ಇಬ್ಬರು ಮಕ್ಕಳನ್ನು ಸಾಕಿದ್ದು ಅದೇ ಕಾಯಿ. ಆದರೆ ನಮ್ಮ ಮನೆಯೊಳಗೆ ಅದು ಬರುವುದಿಲ್ಲ. ಉಳಿದ ಕಾಯಿಯನ್ನು ಹಟ್ಟಿಯ ಹಸುವಿಗೆ ಹಾಕಿ, ಕೈ ತೊಳೆದುಕೊಂಡು ಒಳಗೆ ಬರುತ್ತೇನೆ.

ಯಾಕೆಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನ ಮಗಳು ಗೆಲಾರೆಗೂ ಗೊತ್ತಿರಲಿಲ್ಲ. ದಿನವಿಡೀ ಮಾರಿ ಮಾರಿ ಅಮ್ಮನಿಗೆ ಅದರ ವಾಸನೆ ಸಾಕಾಗಿದೆ ಎಂದು ಅವಳು ಅಂದುಕೊಂಡಿದ್ದಳು. ಗೊತ್ತಿದ್ದದ್ದು ನನಗೆ ಮತ್ತು ನನ್ನ ಮಗ ಖೊಸ್ರೋಗೆ.

ಖೊಸ್ರೋಗೆ ಐದು ವರ್ಷವಾಗಿದ್ದಾಗ ಒಂದು ಮಧ್ಯಾಹ್ನ ನನ್ನ ಬುಟ್ಟಿಯ ಪಕ್ಕ ಕೂತು ಹಸಿ ಬಾಕಲಾ ಹೊಟ್ಟೆ ತುಂಬ ತಿಂದ. ಎರಡು ದಿನಕ್ಕೆ ಮುಖ ಸುಣ್ಣದಂತಾಯಿತು, ಕಣ್ಣು ಹಳದಿಯಾಯಿತು, ಉಚ್ಚೆ ಕಪ್ಪು ಚಹಾದ ಬಣ್ಣಕ್ಕೆ ತಿರುಗಿತು. ರಶ್ತ್ ನಗರದ ಆಸ್ಪತ್ರೆಯಲ್ಲಿ ಬೇರೆಯವರ ರಕ್ತ ಏರಿಸಿ ಬದುಕಿಸಿದರು. ಅಲ್ಲಿದ್ದ ಮುದಿ ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದ್ದರು: ಕೆಂಪು ರಕ್ತಕಣಕ್ಕೆ ಒಂದು ಕಾವಲು ಇರುತ್ತದೆ, ಆ ಕಿಣ್ವ ಈ ಹುಡುಗನಲ್ಲಿ ಕಡಿಮೆ. ಮಾಮೂಲಿ ದಿನಗಳಲ್ಲಿ ಏನೂ ತಿಳಿಯುವುದಿಲ್ಲ. ಬಾಕಲಾ ಹೊಟ್ಟೆಗೆ ಹೋದರೆ, ಇಲ್ಲವೇ ಕೆಲವು ಮಾತ್ರೆ ಔಷಧಿ ಹೋದರೆ, ಕಾವಲಿಲ್ಲದ ಕಣಗಳು ಒಡೆದು ಹೋಗುತ್ತವೆ. ಇದು ಅಂಟುವ ರೋಗವಲ್ಲ, ಹುಟ್ಟಿನಿಂದ ಬಂದದ್ದು. ಗಂಡುಮಗನಿಗೆ ಬರುವುದು ತಾಯಿಯಿಂದ.

ಕೊನೆಯ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ನಾಟಿತು. ನಾನು ಆ ದಿನವೇ ಹುಡುಗನಿಗೆ ಹೇಳಿಕೊಟ್ಟೆ: "ಯಾರಾದ್ರೂ ಕೇಳಿದ್ರೆ ಕಾಮಾಲೆ ಬಂದಿತ್ತು ಅನ್ನು. ಬಾಕಲಾ ಕೊಟ್ರೆ ವಾಸನೆ ಆಗಲ್ಲ ಅನ್ನು." ಅವನು ಹಾಗೆಯೇ ಹೇಳಿಕೊಂಡು ಬೆಳೆದ. ಈಗ ಅನ್ಜಲಿಯ ಬಂದರಿನಲ್ಲಿ ದೋಣಿಗಳಿಗೆ ಬೆಸುಗೆ ಹಾಕುತ್ತಾನೆ, ಈಗಲೂ ವಾಸನೆ ಆಗಲ್ಲ ಎಂದೇ ಹೇಳುತ್ತಾನೆ.

ಬಾಕಲಾ ಮಾರುವವಳ ರಕ್ತದಲ್ಲೇ ಬಾಕಲಾ ವಿಷವೆಂದು ತಿಳಿದರೆ ನನ್ನ ಬುಟ್ಟಿಯ ಹತ್ತಿರ ಯಾರು ಕೂರುತ್ತಾರೆ? ಇದು ನಾನು ನನಗೇ ಹೇಳಿಕೊಳ್ಳುತ್ತಿದ್ದ ಕಾರಣ. ನಿಜವಾದ ಕಾರಣ ಗೆಲಾರೆ. ಅವಳನ್ನು ಹೆಣ್ಣು ನೋಡಲು ಈಗಿನ ಅಳಿಯ ಹೂಮನ್‌ನ ಮನೆಯವರು ಬಂದಾಗ ಅವನ ತಾಯಿ ಎಷ್ರತ್ ಖಾನೂಮ್ ಚಹಾದ ಲೋಟ ಕೆಳಗಿಟ್ಟು ನೇರವಾಗಿ ಕೇಳಿದ್ದಳು.

"ತೂಬಾ ಖಾನೂಮ್, ಬೇಜಾರು ಮಾಡ್ಕೋಬೇಡಿ. ನಾಳೆ ಮಾತು ಬರೋದಕ್ಕಿಂತ ಇವತ್ತೇ ಕೇಳಿಬಿಡೋದು ಮೇಲು. ಮನೆತನದಲ್ಲಿ ಬರೋ ಕಾಯಿಲೆ ಗೀಯಿಲೆ ಏನಾದ್ರೂ ಇದೆಯಾ?"

ಖೊಸ್ರೋ ಎದುರಿಗೇ ಕೂತಿದ್ದ. ನಾನು ಅವನ ಕಡೆ ನೋಡದೆ, "ದೇವರ ದಯೆ, ಏನೂ ಇಲ್ಲ" ಅಂದೆ. ಅವನು ಸಕ್ಕರೆಯ ಬಟ್ಟಲನ್ನು ಸುಮ್ಮನೆ ಆ ಕಡೆ ಈ ಕಡೆ ಸರಿಸುತ್ತಿದ್ದ.

ಗೆಲಾರೆ ಚಿಕ್ಕವಳಿದ್ದಾಗ ಗೆಳತಿಯರ ಮನೆಯಲ್ಲಿ ಬಾಕಲಾ ತಿಂದು ಬಂದದ್ದುಂಟು, ಏನೂ ಆಗಿರಲಿಲ್ಲ. ಅದನ್ನು ಹಿಡಿದುಕೊಂಡು ನಾನು ಧೈರ್ಯ ಮಾಡಿದ್ದೆ. ಮಗಳಿಗೆ ಏನೂ ಆಗದಿದ್ದರೆ ಅವಳಲ್ಲಿ ಅದು ಇಲ್ಲ ಅಂತ ಲೆಕ್ಕ. ಒಳಗೊಳಗೇ ಆ ಲೆಕ್ಕ ನನಗೆ ಪೂರ್ತಿ ನಂಬಿಕೆಯಾಗಿರಲಿಲ್ಲ. ಅವಳಿಗೆ ಮಗ ಬರ್ದಿಯಾ ಹುಟ್ಟಿದ ಮೇಲೆ ನಾನೊಂದು ಉಪಾಯ ಮಾಡಿದೆ.

ನಮ್ಮಲ್ಲಿ ಹೊಸ ಬೆಳೆಯ ಮೊದಲ ಬುಟ್ಟಿಯನ್ನು ಬೀಗರ ಮನೆಗೆ ಕಳಿಸಬೇಕು. ಬಾಕಲಾ ಮಾರುವ ನಾನು ಕಳಿಸದಿದ್ದರೆ ಬೀಗಿತ್ತಿ ಹತ್ತು ಜನರ ಮುಂದೆ ಹಂಗಿಸುತ್ತಾಳೆ. ಆದ್ದರಿಂದ ಪ್ರತಿವರ್ಷ ಬುಟ್ಟಿ ಕಳಿಸುವ ಹಿಂದಿನ ದಿನವೇ ಹೋಗಿ, ಮೊಮ್ಮಗನ ಮೇಲೆ ಆಸೆಯಾಗಿದೆ ಎಂದು ಅವನನ್ನು ಕರೆದುಕೊಂಡು ಬರುತ್ತಿದ್ದೆ. ಕಾಯಿಯ ಕಾಲ ಮುಗಿಯುವವರೆಗೆ ಐದಾರು ವಾರ ಇಟ್ಟುಕೊಂಡು, ಕೋಳಿಮರಿ ತೋರಿಸಿ, ಕೆರೆಯಲ್ಲಿ ಆಡಿಸಿ, ಗುಂಡುಗುಂಡಗೆ ಮಾಡಿ ಕಳಿಸುತ್ತಿದ್ದೆ. ಮೂರು ವಸಂತ ಹೀಗೆಯೇ ದಾಟಿತು.

ನಾಲ್ಕನೆಯದು ದಾಟಲಿಲ್ಲ. ಗೆಲಾರೆ ಮತ್ತೆ ಬಸುರಿ, ನಾಲ್ಕನೆಯ ತಿಂಗಳು, ನೀರು ಕುಡಿದರೂ ವಾಂತಿ. ಸಂತೆಯ ಕೆಲಸದಲ್ಲಿ ಈ ಸಲ ಹಿಂದಿನ ದಿನ ಹೋಗಲಾಗಲಿಲ್ಲ. ಬುಧವಾರ ನಾನು ಬುಟ್ಟಿಯನ್ನು ಮಿನಿಬಸ್ಸಿನ ಡ್ರೈವರನ ಕೈಗೆ ಕೊಟ್ಟು, ಹುಡುಗನನ್ನು ಕರೆತರಲು ಮಗಳ ಮನೆಗೆ ಹೋದರೆ ಅವನಿಲ್ಲ. ಹಿಂದಿನ ದಿನವೇ ಎಷ್ರತ್ ಖಾನೂಮ್ ತನ್ನ ಮನೆಗೆ ಕರೆದುಕೊಂಡು ಹೋಗಿದ್ದಳು. ಬುಟ್ಟಿ ಹೋಗುತ್ತಿದ್ದದ್ದೂ ಅಲ್ಲಿಗೇ.

ಬಾಗಿಲಲ್ಲೇ ನಿಂತು ಬೀಗಿತ್ತಿಗೆ ಫೋನ್ ಮಾಡಿದೆ.

"ಬುಟ್ಟಿ ಬಂತು ತೂಬಾ ಖಾನೂಮ್, ನಿಮ್ಮ ಕೈ ನೋಯದಿರಲಿ! ಎಂಥ ಎಳೇ ಕಾಯಿ! ನಾಳೆ ಮಧ್ಯಾಹ್ನ ಹೊಗೆ ಹಾಕಿದ ಮೀನಿನ ಜೊತೆ ಹಸಿಯಾಗೇ ತಿನ್ನೋದು."

"ಬರ್ದಿಯಾಗೆ ಕೊಡಬೇಡಿ," ಅಂದೆ. "ಅವನ ಹೊಟ್ಟೆ ಸ್ವಲ್ಪ ಸೂಕ್ಷ್ಮ."

ಅವಳು ನಕ್ಕಳು. "ಮೀನು ಮಾರೋಳ ಬೆಕ್ಕಿಗೆ ಮೀನು ಆಗಲ್ವಂತೆ! ಬಾಕಲಾ ಮಾರೋಳ ಮೊಮ್ಮಗನಿಗೆ ಬಾಕಲಾ ಆಗಲ್ವಾ?"

ಆಗ ನಾನು ಹೇಳಬೇಕಿತ್ತು. ಒಂದೇ ವಾಕ್ಯ ಸಾಕಿತ್ತು. ನಾನೂ ನಕ್ಕೆ. "ಹಾಗಲ್ಲ, ಸುಮ್ನೆ ಹೇಳಿದೆ," ಎಂದು ಫೋನ್ ಇಟ್ಟೆ. ಈ ಕಥೆಯಲ್ಲಿ ನಾನು ಮಾಡಿದ ಬೇರೆಲ್ಲ ತಪ್ಪಿಗೂ ಏನಾದರೊಂದು ನೆಪ ಹೇಳಬಲ್ಲೆ. ಆ ನಗುವಿಗೆ ಮಾತ್ರ ನೆಪವಿಲ್ಲ.

ಶನಿವಾರ ಬೆಳಿಗ್ಗೆ ಗೆಲಾರೆ ಫೋನ್ ಮಾಡಿದಳು. ಅಜ್ಜಿಯ ಮನೆಯಿಂದ ಮರಳಿದ ಹುಡುಗ ನಿನ್ನೆಯಿಂದ ಸೋತು ಮಲಗಿದ್ದಾನೆ, ಜ್ವರ, ಉಚ್ಚೆ ಕೆಂಪಗೆ ಬರುತ್ತಿದೆ, ಮನೆ ಹತ್ತಿರದ ದವಾಖಾನೆಯಲ್ಲಿ ಮೂತ್ರದ ಸೋಂಕು ಅಂದು ಒಂದು ಬಾಟಲಿ ಔಷಧಿ ಕೊಟ್ಟಿದ್ದಾರೆ.

"ಅದನ್ನ ಕೊಟ್ಟೆಯಾ?"

"ಇನ್ನೂ ಇಲ್ಲ. ಏನಾದ್ರೂ ತಿನ್ನಿಸಿ ಕೊಡಿ ಅಂದಿದ್ದಾರೆ, ಇವನು ಬಾಯಿ ಬಿಡ್ತಾ ಇಲ್ಲ."

"ಕೊಡಬೇಡ. ಮುಚ್ಚಳಾನೂ ತೆಗೀಬೇಡ. ಈಗಲೇ ರಶ್ತ್‌ನ ದೊಡ್ಡಾಸ್ಪತ್ರೆಗೆ ಹೊರಡಿ, ನಾನೂ ಬರ್ತೀನಿ."

"ಯಾಕಮ್ಮ? ಏನಾಯ್ತು?"

"ಬೇಡ ಅಂದ್ನಲ್ಲ!" ಎಂದು ಗದರಿದೆ. ಭಯವನ್ನು ಬಚ್ಚಿಡಲು ನನಗೆ ಬರುವುದು ಅದೊಂದೇ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹುಡುಗನ ಕಣ್ಣಿನ ರೆಪ್ಪೆ ಎಳೆದು ನೋಡಿ, ಮೊದಲು ಕೇಳಿದ್ದೇ, "ಬಾಕಲಾ ತಿಂದ್ನಾ?" ಎಂದು. ಈ ತಿಂಗಳಲ್ಲಿ ಆ ವಾರ್ಡಿನ ತುಂಬ ಅದೇ ಮಕ್ಕಳು, ಬಹುಪಾಲು ಗಂಡುಹುಡುಗರು. ಹನ್ನೆರಡರ ಹತ್ತಿರ ಇರಬೇಕಾದ ರಕ್ತದ ಅಂಶ ಬರ್ದಿಯಾಗೆ ಐದಕ್ಕಿಂತ ಕೆಳಗೆ ಇಳಿದಿತ್ತು. ದವಾಖಾನೆಯ ಬಾಟಲಿಯ ಹೆಸರು ಓದಿ ಆಕೆ ಹುಬ್ಬು ಗಂಟಿಕ್ಕಿದಳು. "ಇದನ್ನ ಕೊಟ್ಟಿದ್ರೆ ಉರಿಯೋ ಬೆಂಕಿಗೆ ಎಣ್ಣೆ ಹಾಕಿದ ಹಾಗೆ ಆಗ್ತಿತ್ತು. ಕೊಡದೆ ಇದ್ದದ್ದು ಒಳ್ಳೇದಾಯ್ತು." ಗೆಲಾರೆ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ.

"ತಾಯಿ ಕಡೆ ಯಾರಿಗಾದ್ರೂ ಹೀಗೆ ಆಗಿತ್ತಾ? ಮಾವಂದಿರಿಗೆ, ಅಜ್ಜಂದಿರಿಗೆ?" ಡಾಕ್ಟರಮ್ಮ ಕೇಳಿದಳು.

"ನಮ್ಮಲ್ಲಿ ಯಾರಿಗೂ ಇಲ್ಲ," ಅಂದಳು ಗೆಲಾರೆ, ಪಾಪ, ನಂಬಿಕೆಯಿಂದ. "ಅಲ್ವಾ ಅಮ್ಮ?"

ಎಷ್ರತ್ ಖಾನೂಮ್ ಪಕ್ಕದಲ್ಲೇ ಇದ್ದಳು. ನಾನು ತಲೆಯಾಡಿಸಿದೆ. ಹೌದೆಂದೋ ಇಲ್ಲವೆಂದೋ ಯಾರೂ ಹೇಳಲಾರದ ಹಾಗೆ ಆಡಿಸಿದೆ.

ಹುಡುಗನಿಗೆ ರಕ್ತ ಏರಿಸಿದರು. ಪಕ್ಕದ ಮಂಚದ ಬಳಿಯಿದ್ದ ಲಂಗರೂದ್ ಊರಿನ ಹೆಂಗಸೊಬ್ಬಳು ತನ್ನ ಮಗನ ಕಥೆಯನ್ನು ಸಂತೆಯಲ್ಲಿ ಸಾರುವ ಹಾಗೆ ಹೇಳುತ್ತಿದ್ದಳು: "ನಮ್ಮಪ್ಪನಿಗಿತ್ತು, ನನ್ನ ಮೂಲಕ ಇವನಿಗೆ ಬಂತು. ಅಪ್ಪ ಹೊಲ ಬರೆದುಕೊಡಲಿಲ್ಲ, ಇದನ್ನಾದ್ರೂ ಕೊಟ್ಟ!" ನರ್ಸು ನಗುತ್ತ, "ಬಾಕಲಾ ಮಾರೋರಿಗೆ ಒಂದು ಪತ್ರ ಬರೀಬೇಕು, ನಮ್ಮ ವಾರ್ಡು ಖಾಲಿ ಬಿಡಲ್ಲ ಅವರು," ಅಂದಳು. ನಾನು ಕೈಗಳನ್ನು ತಲೆಯಿಂದ ಹೊದ್ದ ಚಾದರದೊಳಗೆ ಎಳೆದುಕೊಂಡೆ.

ಮೂರನೆಯ ದಿನ ಹುಡುಗ ಎದ್ದು ಕೂತ. ತುಟಿಗೆ ಬಣ್ಣ ಬಂತು, ಉಚ್ಚೆ ತಿಳಿಯಾಯಿತು. ನರ್ಸಿನ ಕಿವಿಯೋಲೆ ಕೊಡು ಎಂದು ಹಟ ಮಾಡಿದ. ಅದೇ ಮಧ್ಯಾಹ್ನ ಹೂಮನ್ ಲ್ಯಾಬಿನ ಚೀಟಿ ಹಿಡಿದು ಓಡಿ ಬಂದ.

"ಅಮ್ಮ, ನೋಡಿ! ಕಿಣ್ವ ಸರಿಯಾಗೇ ಇದೆಯಂತೆ. ಇಲ್ಲೇ ಬರೆದಿದ್ದಾರೆ!"

ಎಷ್ರತ್ ಖಾನೂಮ್ ಎರಡು ಕೈಯನ್ನೂ ಮೇಲೆತ್ತಿದಳು. "ನಾನು ಹೇಳಲಿಲ್ವಾ? ನಮ್ಮ ಮನೆ ಕೂಸಿಗೆ ಅಂಥದ್ದೆಲ್ಲಿಂದ ಬರಬೇಕು! ಯಾವುದೋ ಸೋಂಕು, ಬಂತು, ಹೋಯ್ತು." ನನ್ನ ಭುಜ ಹಿಡಿದು ಅಲುಗಾಡಿಸಿದಳು. "ನಿಜ ಹೇಳ್ತೀನಿ ತೂಬಾ, ಮೂರು ದಿನ ನಿನ್ನ ಮೇಲೆ ಅನುಮಾನ ಪಟ್ಟೆ. ತಾಯಿ ಕಡೆಯಿಂದ ಬರುತ್ತೆ ಅಂದ್ರಲ್ಲ ಆ ಡಾಕ್ಟರು. ಕ್ಷಮಿಸಿಬಿಡು."

ನನ್ನ ಹತ್ತಿರ ಕ್ಷಮೆ ಕೇಳಿದಳು. ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಡಾಕ್ಟರಮ್ಮ ಬಂದು ಚೀಟಿ ನೋಡಿ, "ಇದನ್ನ ನಂಬ್ಕೊಂಡು ಕೂರಬೇಡಿ," ಅಂದಳು. "ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ. ಅಲ್ಲೀವರೆಗೆ ಬಾಕಲಾ ಬೇಡವೇ ಬೇಡ. ಬೇರೆ ಡಾಕ್ಟರ ಹತ್ತಿರ ಹೋದರೂ ಈ ವಿಷಯ ಹೇಳದೆ ಔಷಧಿ ತಗೋಬೇಡಿ." ಅಷ್ಟರಲ್ಲಿ ಆಚೆ ಕೋಣೆಯಿಂದ ಯಾರೋ ಕೂಗಿದರು, ಆಕೆ ಹೋದಳು.

ಆಕೆ ಬಾಗಿಲು ದಾಟುತ್ತಲೇ ಹೂಮನ್ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ. "ಡಾಕ್ಟರುಗಳು ಹಾಗೇ, ಮತ್ತೆ ಬನ್ನಿ ಮತ್ತೆ ಬನ್ನಿ ಅಂತಾರೆ. ಯಂತ್ರ ಹೇಳಿದ ಮೇಲೆ ಮುಗೀತು."

"ನಾನು ಹರಕೆ ಹೊತ್ತಿದ್ದೀನಿ," ಅಂದಳು ಎಷ್ರತ್ ಖಾನೂಮ್. "ಕೂಸು ಎದ್ದು ಕೂತ್ರೆ ಓಣಿಗೆಲ್ಲ ಬಾಕಲಾ ಅನ್ನ ಹಂಚ್ತೀನಿ ಅಂತ. ಶುಕ್ರವಾರ ಮಾಡೋಣ. ತೂಬಾ, ಕಾಯಿ ನಿಂದೇ. ಮೊದಲ ತುತ್ತು ಕೂಸಿಗೆ."

ಇಪ್ಪತ್ತೈದು ವರ್ಷದ ಹಿಂದೆ ಇಂಥದೇ ಚೀಟಿ ನನ್ನ ಕೈಗೂ ಬಂದಿತ್ತು. ಖೊಸ್ರೋದ್ದು. ಅದರಲ್ಲೂ ಎಲ್ಲ ಸರಿಯಾಗಿದೆ ಎಂದೇ ಇತ್ತು, ನಾನೂ ಹೀಗೆಯೇ ಕೈ ಮೇಲೆತ್ತಿದ್ದೆ. ಆಗ ಆ ಮುದಿ ಡಾಕ್ಟರು ಹೇಳಿದ್ದು ಅಕ್ಷರ ಬಿಡದೆ ನೆನಪಿದೆ. ಈಗ ಇವನ ಮೈಯಲ್ಲಿ ಅರ್ಧ ನಾವು ಏರಿಸಿದ ರಕ್ತ ಓಡ್ತಿದೆ ತಾಯಿ, ಅದು ಮನೆಗೆ ಬಂದ ನೆಂಟರ ಹಾಗೆ, ಅದರ ಕಾವಲು ಗಟ್ಟಿ. ಇವನದೇ ಕಣಗಳಲ್ಲಿ ವಯಸ್ಸಾದವಕ್ಕೆ ಕಾವಲು ತೀರಿಹೋಗಿತ್ತು, ಅವೆಲ್ಲ ಒಡೆದುಹೋದವು. ಉಳಿದದ್ದು ಎಳೆಯವು. ಎಳೆಯವಕ್ಕೆ ಸ್ವಲ್ಪ ಕಾವಲಿರುತ್ತದೆ. ಸತ್ತವರನ್ನು ಬಿಟ್ಟು ಬದುಕಿದವರನ್ನೂ ನೆಂಟರನ್ನೂ ಎಣಿಸಿದರೆ ಮನೆಯಲ್ಲಿ ಎಲ್ಲರೂ ಗಟ್ಟಿಯಾಗಿದ್ದಾರೆ ಅಂತಲೇ ಲೆಕ್ಕ ಬರುತ್ತದೆ. ಮೂರು ತಿಂಗಳು ಬಿಟ್ಟು ಬಾ. ಹೋದೆ. ಆಗ ಬಂದ ಚೀಟಿ ಬೇರೆಯೇ ಹೇಳಿತು.

ಅಂದರೆ ಆ ವಾರ್ಡಿನಲ್ಲಿ ಹೂಮನ್‌ನ ಜೇಬಿನಲ್ಲಿದ್ದ ಚೀಟಿಯ ಬೆಲೆ ಗೊತ್ತಿದ್ದ ಮನೆಯವಳು ನಾನೊಬ್ಬಳೇ. ಬಾಯಿ ಮುಚ್ಚಿಕೊಂಡರೆ ನನ್ನ ಸುಳ್ಳು ಜೀವನವಿಡೀ ಉಳಿಯುತ್ತಿತ್ತು. ಶುಕ್ರವಾರ ಮೊದಲ ತುತ್ತು ಹುಡುಗನ ಬಾಯಿಗೆ ಹೋಗುತ್ತಿತ್ತು.

ಆಗಲೂ ನಾನು ಪೂರ್ತಿ ದಾರಿ ನಡೆಯಲಿಲ್ಲ. ಎಷ್ರತ್ ಖಾನೂಮಳನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದೆ. ಅವಳೊಬ್ಬಳಿಗೇ ಹೇಳಿ, ಹರಕೆಯನ್ನು ಸದ್ದಿಲ್ಲದೆ ಬದಲಾಯಿಸಿಕೋ, ಮಗಳಿಗೆ ತಿಳಿಯುವುದು ಬೇಡ ಎಂದು ಬೇಡಿಕೊಳ್ಳುವ ಆಲೋಚನೆ. ಖೊಸ್ರೋನ ಕಥೆ ಹೇಳಿದೆ. ಮುದಿ ಡಾಕ್ಟರು ಹೇಳಿದ್ದನ್ನು ಹೇಳಿದೆ. ಅಂದು ಚಹಾ ಕುಡಿಯುತ್ತ ನಾನು ಹೇಳಿದ್ದು ಸುಳ್ಳು ಎಂದೂ ಹೇಳಿದೆ.

"ಬುಧವಾರ ಫೋನ್ ಮಾಡಿದಾಗ ನಿನಗೆ ಗೊತ್ತಿತ್ತು," ಅಂದಳು.

"ಗೊತ್ತಿತ್ತು."

"ನಾನು ನಕ್ಕೆ. ನೀನೂ ನಕ್ಕೆ."

"ಹೌದು."

"ನನ್ನ ಕೈಯಾರೆ ಸುಲಿದು ಬಾಯಿಗಿಟ್ಟೆ ತೂಬಾ. ಇನ್ನೊಂದು ತಿನ್ನು, ಇನ್ನೊಂದು ತಿನ್ನು ಅಂತ. ಅವನು ಸತ್ತಿದ್ರೆ ಕೊಂದೋಳು ನಾನು ಆಗ್ತಿದ್ದೆ, ನೀನು ಅಳ್ತಾ ಕೂತಿರ್ತಿದ್ದೆ." ತನ್ನ ಕೈಗಳನ್ನು ನನ್ನ ಮುಖದ ಮುಂದೆ ಹಿಡಿದಳು. "ಹೆಣ್ಣನ್ನ ವಾಪಸ್ ಕಳಿಸ್ತಾರೆ ಅಂತ ಹೆದರಿದ್ಯಾ? ನಮ್ಮನ್ನ ಅಷ್ಟಕ್ಕೇ ಅಳೆದ್ಯಾ?"

"ಆಗ ನೀವು ಯಾರೋ ನಾನು ಯಾರೋ, ಎಷ್ರತ್ ಖಾನೂಮ್."

ಅವಳು ಮೆಟ್ಟಿಲ ಮೇಲೆ ಕೂತಳು. "ನನಗೂ ಮಗಳಿದ್ದಿದ್ರೆ ನಾನೂ ಮುಚ್ಚಿಡ್ತಿದ್ದೆನೋ ಏನೋ. ಅದರಿಂದ ನೀನು ಮಾಡಿದ್ದು ತೊಳೆದುಹೋಗಲ್ಲ." ತನ್ನ ಚಾದರವನ್ನು ಬಿಗಿ ಮಾಡಿಕೊಂಡು ಎದ್ದಳು. "ಹರಕೆ ಅನ್ನಕ್ಕೆ ಬೇರೆ ಏನಾದ್ರೂ ಹಾಕ್ತೀನಿ, ದೇವರಿಗೆ ಅರ್ಥ ಆಗುತ್ತೆ. ಆದ್ರೆ ನಿನ್ನ ಗುಟ್ಟು ಹೊರೋ ಕತ್ತೆ ನಾನಲ್ಲ. ಆ ಹುಡುಗಿ ಹೊಟ್ಟೇಲಿ ಇನ್ನೊಂದಿದೆ. ಹೋಗು, ನೀನೇ ಹೇಳು. ನಾನು ಬಾಗಿಲಲ್ಲಿ ನಿಂತಿರ್ತೀನಿ, ಓಡಿಹೋಗದ ಹಾಗೆ."

ಒಳಗೆ ಗೆಲಾರೆ ಮಗನಿಗೆ ಕಿತ್ತಳೆ ಬಿಡಿಸಿ ಕೊಡುತ್ತಿದ್ದಳು. ಮಂಚದ ಆ ಕಡೆ ಹೂಮನ್. ನಾನು ನಿಂತುಕೊಂಡೇ ಹೇಳಿದೆ. ಮೊದಲ ಮಾತು ಹೊರಡಲು ಎಷ್ಟು ಹೊತ್ತಾಯಿತೆಂದರೆ, ಲಂಗರೂದಿನ ಹೆಂಗಸು ಕೂಡ ತನ್ನ ಮಾತು ನಿಲ್ಲಿಸಿ ನನ್ನನ್ನೇ ನೋಡತೊಡಗಿದಳು. ಹಾಗೆ ವಾರ್ಡಿಗೆಲ್ಲ ಕೇಳಿಸಿತು.

ಗೆಲಾರೆ ಕಿತ್ತಳೆಯ ತೊಳೆಯನ್ನು ಬೆರಳಲ್ಲಿ ಹಿಡಿದೇ ಇದ್ದಳು.

"ಆದ್ರೆ ನಾನು ತಿಂದಿದ್ದೀನಿ ಬಾಕಲಾ. ನನಗೇನೂ ಆಗಿಲ್ಲ."

ನನ್ನ ಬದಲು ಉತ್ತರ ಕೊಟ್ಟದ್ದು ಬಾಗಿಲಲ್ಲಿದ್ದ ಡಾಕ್ಟರಮ್ಮ. ಎಷ್ರತ್ ಖಾನೂಮ್ ಆಕೆಯನ್ನೂ ಕರೆತಂದಿದ್ದಳು. "ಈ ಕಾವಲನ್ನ ಹೊತ್ತು ತರೋ ಎಳೆ ಹೆಣ್ಣಿಗೆ ಎರಡಿರುತ್ತೆ ತಾಯಿ. ಒಂದು ಜಾಳಾದ್ರೂ ಸಾಮಾನ್ಯವಾಗಿ ಇನ್ನೊಂದು ಹಿಡ್ಕೊಂಡಿರುತ್ತೆ. ಕೆಲವು ಹೆಣ್ಣುಮಕ್ಕಳಿಗೆ ಅದೂ ಸಾಲದೆ ತೊಂದ್ರೆ ಆಗೋದುಂಟು, ಅದಕ್ಕೆ ನೀವೂ ಪರೀಕ್ಷೆ ಮಾಡಿಸಿಕೊಳ್ಳಿ. ಗಂಡುಹುಡುಗನಿಗೆ ಒಂದೇ ಎಳೆ, ಅದೂ ತಾಯಿದು. ಜಾಳಾದದ್ದು ಬಂದ್ರೆ ಆಸರೆಗೆ ಇನ್ನೊಂದಿಲ್ಲ."

"ಹಾಗಾದ್ರೆ ಇದು?" ಗೆಲಾರೆ ಹೊಟ್ಟೆಯ ಮೇಲೆ ಕೈಯಿಟ್ಟಳು.

"ಗಂಡಾದ್ರೆ ಅರ್ಧಕ್ಕರ್ಧ ಸಾಧ್ಯತೆ. ಹೆಣ್ಣಾದ್ರೂ ನಿಮ್ಮ ಹಾಗೆ ಹೊತ್ತುಕೊಂಡಿರೋ ಸಾಧ್ಯತೆ ಅಷ್ಟೇ. ಹೆದರಬೇಡಿ. ಗೊತ್ತಿದ್ರೆ ಇದು ದೊಡ್ಡ ವಿಷಯವೇ ಅಲ್ಲ. ಹುಟ್ಟಿದ ಕೂಡಲೇ ಹೇಳಿ, ಕಾಮಾಲೆ ಜಾಸ್ತಿ ಆಗುತ್ತಾ ಅಂತ ಕಣ್ಣಿಟ್ಟಿರ್ತಾರೆ. ಹಾಲು ಕುಡಿಸೋವಾಗ ನೀವೂ ಬಾಕಲಾ ತಿನ್ನಬೇಡಿ. ಬೇಡದ ಔಷಧಿಗಳ ಪಟ್ಟಿ ಕೊಡ್ತೀನಿ, ಅದು ಮನೇಲಿ ಎಲ್ಲರ ಹತ್ತಿರ ಇರಲಿ. ಇಷ್ಟು ಮಾಡಿದ್ರೆ ಇಂಥ ಮಕ್ಕಳು ಮುದುಕರಾಗಿ ಸಾಯ್ತಾರೆ."

ಗೊತ್ತಿದ್ದರೆ ಎಂಬ ಮಾತಿಗೆ ಹೂಮನ್ ತಲೆಯೆತ್ತಿ ನನ್ನನ್ನು ನೋಡಿದ. ಅವನು ಬೈದಿದ್ದರೆ ಚೆನ್ನಾಗಿತ್ತು.

ಗೆಲಾರೆ ನನ್ನನ್ನು ನೋಡಲೇ ಇಲ್ಲ. ಹುಡುಗನ ಗಲ್ಲ ಒರೆಸುತ್ತ, ತಣ್ಣಗೆ ಕೇಳಿದಳು. "ಪ್ರತಿವರ್ಷ ಈ ಕಾಲದಲ್ಲಿ ಇವನನ್ನ ಊರಿಗೆ ಕರ್ಕೊಂಡು ಹೋಗ್ತಿದ್ದೆಯಲ್ಲ. ಅದಕ್ಕಾ?"

"ಅದಕ್ಕೇ."

"ನಾನು ನನ್ನ ಗೆಳತಿಯರಿಗೆಲ್ಲ ಹೇಳ್ಕೊಂಡು ತಿರುಗಿದ್ದೆ. ನಮ್ಮಮ್ಮನಿಗೆ ಮೊಮ್ಮಗ ಅಂದ್ರೆ ಪ್ರಾಣ, ವಸಂತ ಬಂದ್ರೆ ಬಿಟ್ಟಿರಲ್ಲ ಅಂತ."

"ಅದೂ ನಿಜವೇ ಮಗಳೇ."

"ಇರಬಹುದು. ಈಗ ಯಾವುದು ಎಷ್ಟು ನಿಜ ಅಂತ ನನಗೆ ಹೇಗೆ ಗೊತ್ತಾಗಬೇಕು?"

ಅವಳು ಫೋನ್ ತೆಗೆದು, ಸ್ಪೀಕರ್ ಹಾಕಿ, ಅಣ್ಣನಿಗೆ ಮಾಡಿದಳು. ಆ ಕಡೆ ಬೆಸುಗೆಯ ಸದ್ದು, ಆಮೇಲೆ ಖೊಸ್ರೋನ ದನಿ.

"ಅಣ್ಣ, ನಿನಗೆ ಬಾಕಲಾ ಯಾಕೆ ಆಗಲ್ಲ?"

"ವಾಸನೆ..." ಎಂದು ಶುರುಮಾಡಿದ.

"ಅಮ್ಮ ಹೇಳಿಯಾಯ್ತು. ನೀನು ನಿಜ ಹೇಳು."

ಆ ಕಡೆಯಿಂದ ಮೂಗೆಳೆಯುವ ಸದ್ದು ಬಂತು. ನಲವತ್ತು ಕಿಲೋಮೀಟರ್ ದೂರದಲ್ಲಿ ಮೂವತ್ತು ವರ್ಷದ ಗಂಡಸು ಅಳುತ್ತಿದ್ದಾನೆಂದು ನನಗೆ ನಿಧಾನವಾಗಿ ತಿಳಿಯಿತು. "ಅವತ್ತು ನಿನ್ನ ನೋಡೋಕೆ ಬಂದಾಗ ಹೇಳಬೇಕಿತ್ತು ಗೆಲಾರೆ," ಅಂದ. "ಬಾಯಿವರೆಗೂ ಬಂದಿತ್ತು. ಹೋದ ವರ್ಷ ಜ್ವರ ಬಂದಾಗ ಇಲ್ಲಿನ ಡಾಕ್ಟರಿಗೂ ನಾನು ಹೇಳಲಿಲ್ಲ. ಅವರು ಕೊಟ್ಟ ಮಾತ್ರೆ ನುಂಗೋಕೆ ಹೆದರಿ ಸಮುದ್ರಕ್ಕೆ ಎಸೆದೆ. ಹೇಳೋಕೆ ನಾಚಿಕೆ ಆಯ್ತು."

ಐದು ವರ್ಷದ ಕೂಸಿಗೆ ನಾನು ಕಲಿಸಿದ ಪಾಠ ಅವನನ್ನು ಇನ್ನೂ ಬಿಟ್ಟಿರಲಿಲ್ಲ. ಮೊಮ್ಮಗನನ್ನು ಅಪಾಯಕ್ಕೆ ನೂಕಿದ್ದು ಒಂದು ದಿನದ ತಪ್ಪು. ಇದನ್ನು ನಾನು ದಿನಾ ಮಾಡಿದ್ದೆ.

ಗೆಲಾರೆ ಫೋನ್ ಇಟ್ಟಳು. ಡಾಕ್ಟರಮ್ಮ ಮಂಚದ ಬುಡದಲ್ಲಿದ್ದ ಹಲಗೆ ತೆಗೆದುಕೊಂಡು, "ಮನೆತನದ ವಿವರ ಮತ್ತೆ ಬರ್ಕೋತೀನಿ," ಎಂದು ಪೆನ್ನಿನ ಮುಚ್ಚಳ ತೆಗೆದಳು. "ಹೇಳಿ, ಯಾರು ಹೇಳ್ತೀರಿ?"

"ಅವರು ಹೇಳ್ತಾರೆ," ಅಂದಳು ಮಗಳು, ನನ್ನ ಕಡೆ ಕೈ ತೋರಿಸಿ. ಅಮ್ಮ ಅನ್ನಲಿಲ್ಲ. ಆದರೆ ಮಂಚದ ಪಕ್ಕದ ಸ್ಟೂಲಿನ ಮೇಲಿದ್ದ ತನ್ನ ಚೀಲವನ್ನು ತೆಗೆದು ಕೆಳಗಿಟ್ಟಳು, ನಾನು ಕೂರಲೆಂದು. "ಮೊದಲಿನಿಂದ. ಏನೂ ಬಿಡಬೇಡ. ಹೂಮನ್, ನೀವೂ ಕೇಳಿಸ್ಕೊಳ್ಳಿ."

ನಾನು ಕೂತೆ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಹೆಸರು, ನನ್ನ ವಯಸ್ಸು ಹೇಳಿ, "ನನಗೊಬ್ಬ ತಮ್ಮನಿದ್ದ," ಎಂದು ಶುರುಮಾಡಿದೆ. "ಮೂರು ವರ್ಷದವನು. ಬಾಕಲಾ ಕಾಲದಲ್ಲಿ ಹೋಗಿಬಿಟ್ಟ. ದೃಷ್ಟಿಯಾಯ್ತು ಅಂತ ನಮ್ಮಮ್ಮ ಹೇಳ್ತಿದ್ದಳು."

ಅದನ್ನು ನಾನು ಖೊಸ್ರೋಗೂ ಹೇಳಿರಲಿಲ್ಲ. ಗೆಲಾರೆ ಆಗ ಮೊದಲ ಸಲ ನನ್ನ ಮುಖ ನೋಡಿದಳು. ಡಾಕ್ಟರಮ್ಮ ಬರೆದುಕೊಳ್ಳುತ್ತಿದ್ದಳು.